ಸಭೆ ಮುಗಿದ ಮೇಲೆ ಕಳಿಸುವ ಸಂದೇಶ

ಸಭೆಯ ನಂತರ ಬರೆಯುವ ಬರಹಗಳು ಎರಡು. ಮೊದಲನೆಯದು ನಡಾವಳಿ. ಯಾರು ಹಾಜರಿದ್ದರು, ಯಾವ ವಿಷಯ ಚರ್ಚೆಗೆ ಬಂತು, ಏನು ತೀರ್ಮಾನವಾಯಿತು ಎಂಬುದನ್ನು ಪುಸ್ತಕದಲ್ಲಿ ದಾಖಲಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಮುಂದೆ ಲೆಕ್ಕ ಪರಿಶೋಧಕರೋ ಮೇಲಧಿಕಾರಿಗಳೋ ಕೇಳಿದರೆ ತೋರಿಸಲು ಅದು ಬೇಕು. ಎರಡನೆಯದು ಸಭೆಗೆ ಬಂದವರಿಗೇ ಒಂದೆರಡು ದಿನದೊಳಗೆ ಕಳಿಸುವ ಸಂದೇಶ. ಯಾವ ಕೆಲಸ ಯಾರದು, ಎಂದಿಗೆ ಆಗಬೇಕು ಎಂಬುದಷ್ಟೇ ಅದರ ವಿಷಯ. ನಡಾವಳಿಯನ್ನು ಓದುವವರು ಹಿಂದೆ ನಡೆದದ್ದನ್ನು ತಿಳಿಯಲು ಓದುತ್ತಾರೆ, ಸಂದೇಶವನ್ನು ಓದುವವರು ಎದ್ದು ಹೋಗಿ ಕೆಲಸ ಮಾಡಬೇಕಾದವರು. ಈ ವ್ಯತ್ಯಾಸ ಮರೆತು ನಡಾವಳಿಯ ಭಾಷೆಯನ್ನೇ ಸಂದೇಶಕ್ಕೆ ತಂದಾಗ ಅದು ಆಜ್ಞೆಗಳ ಪಟ್ಟಿಯಾಗುತ್ತದೆ.

ಸಂಬಳ ಕೊಡುವವರು ಸಂಬಳ ಪಡೆಯುವವರಿಗೆ ಆಜ್ಞೆ ಬರೆದರೆ ಬೇಸರವಾದರೂ ಕೆಲಸ ನಡೆದುಹೋಗುತ್ತದೆ. ಊರಿನ ಶಾಲೆಯ ಸಮಿತಿ, ಸಹಕಾರ ಸಂಘ, ಜಾತ್ರೆಯ ಸಮಿತಿ, ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ಇಂಥ ಕಡೆ ಯಾರೂ ಯಾರ ಕೈಕೆಳಗೂ ಇರುವುದಿಲ್ಲ. ಬರೆಯುವವರಿಗೆ ಆಜ್ಞೆ ಮಾಡುವ ಅಧಿಕಾರ ಇಲ್ಲ, ಆದರೂ ಕೆಲಸ ಆಗಲೇಬೇಕು. ಸಂದೇಶದ ಮಾತು ಎಷ್ಟು ಮುಖ್ಯ ಎಂಬುದು ನಿಜವಾಗಿ ಗೊತ್ತಾಗುವುದು ಇಂಥ ಕಡೆಯೇ. ಆದ್ದರಿಂದ ಇಲ್ಲಿ ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಅಂದರೆ ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ ಆಗಿರುವುದನ್ನು, ಉದಾಹರಣೆಗೆ ತೆಗೆದುಕೊಂಡಿದೆ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಯರೋ ಪೋಷಕರೋ ಇರಬೇಕು. ಅಧ್ಯಕ್ಷರು ಪೋಷಕರಲ್ಲಿ ಒಬ್ಬರು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಬರೆಯುವ ಕೆಲಸ ಸಹಜವಾಗಿಯೇ ಮುಖ್ಯ ಶಿಕ್ಷಕರ ಪಾಲಿಗೆ ಬರುತ್ತದೆ. ಅವರು ದಿನಬೆಳಗಾದರೆ ಓದುವುದು ಇಲಾಖೆಯ ಸುತ್ತೋಲೆಗಳನ್ನು. ಸುತ್ತೋಲೆಯ ಧಾಟಿ ಅವರ ಕೈಗೂ ಹತ್ತಿರುತ್ತದೆ.

ಮಲೆನಾಡಿನ ಹೆಂಚಿನ ಮಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆ ಎಂದುಕೊಳ್ಳೋಣ. ಮೇ 29ಕ್ಕೆ ಶಾಲೆ ಶುರು. ಮೇ 17ರ ಶನಿವಾರ ಸಮಿತಿಯ ಸಭೆ ನಡೆದಿದೆ. ಎರಡನೇ ಮತ್ತು ಮೂರನೇ ತರಗತಿಯ ಕೊಠಡಿಗಳಲ್ಲಿ ಹೆಂಚು ಒಡೆದಿದೆ. ಅಧ್ಯಕ್ಷರು ಏಣಿ ಹತ್ತಿ ನೋಡಿ, ಸುಮಾರು 60 ಹೆಂಚು ಬೇಕಾಗಬಹುದು, ಕೈಯಾಡಿಸುವವರನ್ನು ತಾವೇ ಕರೆತರುವುದಾಗಿ ಹೇಳಿದ್ದಾರೆ. ಶೌಚಾಲಯಕ್ಕೆ ನೀರು ಬರುವ ಪೈಪು ರಸ್ತೆ ಕೆಲಸದಲ್ಲಿ ತುಂಡಾಗಿದೆ. ಅದು ಪಂಚಾಯಿತಿಯಿಂದ ಆಗಬೇಕಾದ ಕೆಲಸ, ಆದರೆ ಸಮಿತಿಯಲ್ಲಿರುವ ಪಂಚಾಯಿತಿ ಸದಸ್ಯರು ಆ ದಿನ ಬಂದಿರಲಿಲ್ಲ. ಬಿಸಿಯೂಟ ಮತ್ತೆ ಶುರುವಾಗುವ ಮೊದಲು ನೀರಿನ ಟ್ಯಾಂಕು ಮತ್ತು ಪಾತ್ರೆಗಳನ್ನು ತೊಳೆಯಬೇಕು. ಅಡುಗೆಯವರು ಒಪ್ಪಿದ್ದಾರೆ, ಜೊತೆಗೆ ಒಂದು ತೊಂದರೆಯನ್ನೂ ಹೇಳಿದ್ದಾರೆ: ಟ್ಯಾಂಕು ಇರುವುದು ಎತ್ತರದಲ್ಲಿ, ಮುಚ್ಚಳ ಬಿಗಿ, ತಮ್ಮಿಂದ ಹತ್ತಲಾಗದು.

ಈ ಸಭೆಯ ಬಗ್ಗೆ ಸುತ್ತೋಲೆಯ ಧಾಟಿಯಲ್ಲಿ ಬರೆದರೆ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವ ಸಂದೇಶ ಹೀಗಿರುತ್ತದೆ:

“ದಿನಾಂಕ 17ರ ಸಭೆಯ ತೀರ್ಮಾನದಂತೆ: 1) ಅಧ್ಯಕ್ಷರು ಕೊಠಡಿಗಳ ಹೆಂಚು ದುರಸ್ತಿ ಮಾಡಿಸತಕ್ಕದ್ದು. 2) ಪಂಚಾಯಿತಿ ಸದಸ್ಯರು ಶೌಚಾಲಯಕ್ಕೆ ನೀರಿನ ವ್ಯವಸ್ಥೆ ಕಲ್ಪಿಸುವುದು. 3) ಅಡುಗೆ ಸಿಬ್ಬಂದಿ ಟ್ಯಾಂಕ್ ಸ್ವಚ್ಛಗೊಳಿಸುವುದು. ಸದರಿ ಕೆಲಸಗಳನ್ನು ಶಾಲೆ ಆರಂಭಕ್ಕೆ ಮುನ್ನ ಪೂರ್ಣಗೊಳಿಸುವುದು. ತಪ್ಪಿದಲ್ಲಿ ಸಂಬಂಧಪಟ್ಟವರೇ ಹೊಣೆ.”

ಇದರಲ್ಲಿ ಸುಳ್ಳಾದ ಸಂಗತಿ ಒಂದೂ ಇಲ್ಲ. ಆದರೂ ಅಧ್ಯಕ್ಷರಿಗೆ ಇದನ್ನು ಓದಿದಾಗ ತಾವಾಗಿಯೇ ಮುಂದೆ ಬಂದು ಹೇಳಿದ ಮಾತು ತಮ್ಮ ಮೇಲೆ ಹೊರಿಸಿದ ಹೊರೆಯಾಗಿ ಕಾಣುತ್ತದೆ. ಪಂಚಾಯಿತಿ ಸದಸ್ಯರಿಗೆ ತಮ್ಮನ್ನು ಕೇಳದೆಯೇ ಊರಿನವರ ಮುಂದೆ ಕೆಲಸ ಹಚ್ಚಿದಂತೆ ಅನ್ನಿಸುತ್ತದೆ. ಅಡುಗೆಯವರು ಹೇಳಿಕೊಂಡ ತೊಂದರೆ ಎಲ್ಲಿ ಹೋಯಿತೋ ತಿಳಿಯದು. ಮೂವರೂ ಗುಂಪಿನಲ್ಲಿ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ.

ಆಜ್ಞೆಯ ಧಾಟಿ ಎಲ್ಲಿಂದ ಬರುತ್ತದೆ

ಮೊದಲ ಅನುಮಾನ ಕ್ರಿಯಾಪದದ ಮೇಲೆ ಬೀಳುತ್ತದೆ, ಅದು ಸಹಜವೇ. ಕನ್ನಡದಲ್ಲಿ ಒಂದು ಕೆಲಸವನ್ನು ಹೇಳಲು ಹಲವು ಮೆಟ್ಟಿಲುಗಳಿವೆ. ‘ಮಾಡತಕ್ಕದ್ದು’ ಎಂಬುದು ಕಚೇರಿಯ ಮಾತು, ಅದರಲ್ಲಿ ಹೇಳುವವರ ಮುಖ ಕಾಣುವುದಿಲ್ಲ, ಕೇಳಿಸಿಕೊಳ್ಳುವವರ ಮುಖವೂ ಕಾಣುವುದಿಲ್ಲ. ‘ಮಾಡುವುದು’ ಎಂದು ವಾಕ್ಯ ನಿಲ್ಲಿಸಿದರೂ ಅಷ್ಟೇ. ‘ಮಾಡಬೇಕು’ ಎಂಬುದು ಅಗತ್ಯವನ್ನು ಹೇಳುತ್ತದೆ, ಆದರೆ ಒಬ್ಬರ ಹೆಸರಿನ ಮುಂದೆ ಬಂದ ಕೂಡಲೇ ಕಟ್ಟಳೆಯಾಗುತ್ತದೆ. ‘ಮಾಡಿ’ ಎಂಬುದು ಎದುರಿಗೆ ನಿಂತು ಮರ್ಯಾದೆಯಿಂದ ಹೇಳಿದಾಗ ಹಿತವಾಗಿಯೇ ಇರುತ್ತದೆ. ಬರಹದಲ್ಲಿ ದನಿ ಇರುವುದಿಲ್ಲವಾದ್ದರಿಂದ ಅದೇ ಮಾತು ಒರಟಾಗಬಹುದು. ವಾಕ್ಯದ ಮೊದಲಿಗೆ ‘ದಯವಿಟ್ಟು’ ಸೇರಿಸಿದ ಮಾತ್ರಕ್ಕೆ ಏನೂ ಬದಲಾಗದು. ‘ದಯವಿಟ್ಟು ಪೂರ್ಣಗೊಳಿಸತಕ್ಕದ್ದು’ ಎಂಬುದು ಮೊದಲಿಗಿಂತ ಗಡುಸಾಗಿಯೇ ಕೇಳಿಸುತ್ತದೆ.

ಹಾಗೆಂದು ಮೃದುವಾದ ರೂಪಗಳೆಲ್ಲ ಎಲ್ಲ ಕಡೆಗೂ ಹೊಂದುವುದಿಲ್ಲ. ‘ಮಾಡಿಕೊಡಿ’ ಎಂದಾಗ ಕೆಲಸದ ಫಲ ಕೇಳಿದವರಿಗೆ ಸಲ್ಲುತ್ತದೆ, ಮಾಡಿಕೊಟ್ಟವರ ಋಣ ಅವರ ಮೇಲೆ ಉಳಿಯುತ್ತದೆ. ಮುಖ್ಯ ಶಿಕ್ಷಕಿ ಅಧ್ಯಕ್ಷರಿಗೆ ‘ಹೆಂಚು ಹಾಕಿಸಿಕೊಡಿ’ ಎಂದು ಬರೆದರೆ ಊರಿನ ಮಕ್ಕಳ ಶಾಲೆ ಅವರ ಸ್ವಂತ ಮನೆಯಂತಾಗುತ್ತದೆ. ಒಂದೆರಡು ಸಲ ದಾಕ್ಷಿಣ್ಯಕ್ಕೆ ಕೆಲಸ ಆಗುತ್ತದೆ, ಆಮೇಲೆ ‘ಮೇಡಂ ಯಾವಾಗಲೂ ಏನಾದರೂ ಕೇಳುತ್ತಲೇ ಇರುತ್ತಾರೆ’ ಎಂಬ ಮಾತು ಹುಟ್ಟುತ್ತದೆ. ‘ಮಾಡೋಣ’ ಎಂಬುದು ಬಹಳ ಒಳ್ಳೆಯ ರೂಪ, ಬರೆಯುವವರೂ ಆ ಕೆಲಸಕ್ಕೆ ಕೈ ಹಾಕುವುದಾದರೆ. ತಾವು ಬರದೆ ಇತರರಿಗೆ ‘ಟ್ಯಾಂಕು ತೊಳೆಯೋಣ’ ಎಂದು ಬರೆದರೆ ಅದು ಮುಚ್ಚಿಟ್ಟ ಆಜ್ಞೆ ಎಂಬುದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಸಭೆಯ ನಂತರದ ಸಂದೇಶಕ್ಕೆ ಹೇಳಿ ಮಾಡಿಸಿದಂತಿರುವುದು ಇನ್ನೊಂದು ರೂಪ: ‘ಮಾಡುವುದಾಗಿ ಹೇಳಿದ್ದಾರೆ’, ‘ವಹಿಸಿಕೊಂಡಿದ್ದಾರೆ’, ‘ಒಪ್ಪಿದ್ದಾರೆ’. ಇಲ್ಲಿ ಬರೆಯುವವರು ಯಾರಿಗೂ ಏನನ್ನೂ ಹಚ್ಚುತ್ತಿಲ್ಲ. ಆ ವ್ಯಕ್ತಿ ನಾಲ್ಕು ಜನರ ಮುಂದೆ ಆಡಿದ ಮಾತನ್ನು ಅವರ ಹೆಸರಿನಲ್ಲೇ ಇಡುತ್ತಿದ್ದಾರೆ. ಕೆಲಸದ ಒಡೆತನ ಅವರದೇ ಆಗಿ ಉಳಿಯುತ್ತದೆ, ಒಪ್ಪಿದ ಮಾತಿಗೆ ಸಾಕ್ಷಿಗಳೂ ಇರುತ್ತಾರೆ. ಆಜ್ಞೆಗಿಂತ ಇದರ ಹಿಡಿತ ಗಟ್ಟಿ. ಬೇರೆಯವರು ಹೇರಿದ್ದನ್ನು ತಪ್ಪಿಸಿಕೊಳ್ಳಲು ಜನರಿಗೆ ಸಂಕೋಚವಾಗುವುದಿಲ್ಲ, ತಾವೇ ಆಡಿದ ಮಾತನ್ನು ಬಿಡಲು ಆಗುತ್ತದೆ.

ಭಾಷಾತಜ್ಞರಾದ ಪೆನೆಲೋಪೆ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಮಾತಿನ ಸೌಜನ್ಯದ ಬಗ್ಗೆ ಮಾಡಿದ ಪ್ರಸಿದ್ಧ ಅಧ್ಯಯನ ಇದಕ್ಕೆ ಒಂದು ವಿವರಣೆ ಕೊಡುತ್ತದೆ. ಅವರು ಮುಖ್ಯವಾಗಿ ನೋಡಿದ ಮೂರು ಭಾಷೆಗಳಲ್ಲಿ ಇಂಗ್ಲಿಷ್ ಮತ್ತು ಮೆಕ್ಸಿಕೋದ ತ್ಸೆಲ್ತಾಲ್ ಜೊತೆಗೆ ನೆರೆಯ ತಮಿಳೂ ಇತ್ತು. ಪ್ರತಿಯೊಬ್ಬರಿಗೂ ಎರಡು ಬಯಕೆಗಳಿರುತ್ತವೆ ಎನ್ನುತ್ತಾರೆ ಅವರು. ತನ್ನ ದಾರಿಗೆ ಯಾರೂ ಅಡ್ಡ ಬರಬಾರದು ಎಂಬುದು ಒಂದು, ತನ್ನನ್ನು ನಾಲ್ಕು ಜನ ಮೆಚ್ಚಬೇಕು, ತಮ್ಮವನೆಂದು ಕಾಣಬೇಕು ಎಂಬುದು ಇನ್ನೊಂದು. ಯಾರಿಗಾದರೂ ಕೆಲಸ ಹೇಳುವುದೆಂದರೆ ಮೊದಲನೆಯದಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ. ಒಪ್ಪಿದ ಮಾತನ್ನು ನೆನಪಿಸುವ ರೂಪದಲ್ಲಿ ದಾರಿ ಆರಿಸಿಕೊಂಡವರು ಅವರೇ ಆದ್ದರಿಂದ ಆ ಪೆಟ್ಟು ಬೀಳುವುದಿಲ್ಲ, ಎಲ್ಲರೆದುರು ಅವರ ಜವಾಬ್ದಾರಿಯನ್ನು ಗುರುತಿಸಿದಂತೆಯೂ ಆಗುತ್ತದೆ.

ಆದರೆ ಈ ರೂಪಕ್ಕೆ ಒಂದು ಕಟ್ಟುನಿಟ್ಟಾದ ಷರತ್ತಿದೆ. ಆ ವ್ಯಕ್ತಿ ನಿಜವಾಗಿಯೂ ಒಪ್ಪಿರಬೇಕು. ಸಭೆಯಲ್ಲಿ ತಲೆಯಾಡಿಸಿದ್ದನ್ನೋ ಸುಮ್ಮನಿದ್ದದ್ದನ್ನೋ ‘ಒಪ್ಪಿದ್ದಾರೆ’ ಎಂದು ಬರೆದರೆ ಅದು ಆಜ್ಞೆಗಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಮೋಸವೂ ಸೇರಿಕೊಳ್ಳುತ್ತದೆ. ಹಾಗಾಗಿ ಒಳ್ಳೆಯ ಸಂದೇಶದ ಅರ್ಧ ಕೆಲಸ ಸಭೆಯಲ್ಲೇ ಆಗಬೇಕು. ಜನ ಏಳುವ ಮೊದಲು ಐದು ನಿಮಿಷ ತೆಗೆದಿಟ್ಟು, ‘ಹೆಂಚಿನದು ಯಾರು ನೋಡಿಕೊಳ್ತೀರಿ? ಯಾವ ದಿನಕ್ಕೆ ಆಗಬಹುದು? ಅದಕ್ಕೆ ನಮ್ಮಿಂದ ಏನಾದರೂ ಬೇಕಾ?’ ಎಂದು ಒಂದೊಂದಕ್ಕೂ ಕೇಳಬೇಕು. ಅವರು ಬಾಯಿಬಿಟ್ಟು ಹೇಳಿದ್ದನ್ನು ಅವರ ಮಾತಿನಲ್ಲೇ ಗುರುತು ಹಾಕಿಕೊಳ್ಳಬೇಕು. ಮೂರನೇ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಕೇಳಲು ಮರೆಯುತ್ತಾರೆ, ಕೆಲಸ ನಿಲ್ಲುವುದು ಹೆಚ್ಚಾಗಿ ಅಲ್ಲಿಯೇ.

ಮೂವರು, ಮೂರು ಬಗೆ

ಉದಾಹರಣೆಯ ಮೂರು ಕೆಲಸಗಳೂ ಮೇಲ್ನೋಟಕ್ಕೆ ಒಂದೇ ಬಗೆಯವು, ಬರೆಯುವ ರೀತಿ ಮಾತ್ರ ಒಂದೇ ಆಗಲಾರದು.

ಅಧ್ಯಕ್ಷರದು ಸುಲಭ. ಅವರೇ ಮುಂದೆ ಬಂದಿದ್ದಾರೆ, ಏಣಿ ಹತ್ತಿ ನೋಡಿದ್ದಾರೆ. ‘ದುರಸ್ತಿ ಮಾಡಿಸತಕ್ಕದ್ದು’ ಎಂಬಲ್ಲಿ ಈ ಎರಡೂ ಸಂಗತಿಗಳು ಅಳಿಸಿಹೋಗಿದ್ದವು. ‘ಕೈಯಾಡಿಸುವವರನ್ನು ಕರೆತರುವುದನ್ನು ಅಧ್ಯಕ್ಷರು ವಹಿಸಿಕೊಂಡಿದ್ದಾರೆ, ಸುಮಾರು 60 ಹೆಂಚು ಬೇಕಾಗಬಹುದು ಎಂದು ಅವರೇ ಹತ್ತಿ ನೋಡಿ ಹೇಳಿದ್ದರು’ ಎಂದು ಬರೆದರೆ ಆಗಲೇ ಮಾಡಿದ ಕೆಲಸಕ್ಕೆ ಮನ್ನಣೆ ಸಿಗುತ್ತದೆ, ಮುಂದಿನದು ಅದರದೇ ಮುಂದುವರಿಕೆಯಾಗಿ ಕಾಣುತ್ತದೆ. ಇದು ಹೊಗಳಿಕೆಯಲ್ಲ. ‘ನಮ್ಮ ನೆಚ್ಚಿನ ಅಧ್ಯಕ್ಷರು’ ಎಂಬಂಥ ಮಾತು ಇಲ್ಲಿ ಬೇಡ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಸಾಕು. ದುಡ್ಡಿನ ಪ್ರಶ್ನೆಯೂ ಇಲ್ಲೇ ಬಗೆಹರಿಯಬೇಕು. ಸಮಿತಿಯ ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಹೆಸರಿನಲ್ಲಿರುವುದರಿಂದ ಇಬ್ಬರ ಸಹಿಯಿಲ್ಲದೆ ಹೆಂಚು ಬರುವುದಿಲ್ಲ. ಇದನ್ನು ಬರೆಯದೆ ಬಿಟ್ಟರೆ ಅಧ್ಯಕ್ಷರು ದುಡ್ಡಿಗೆ ಕಾಯುತ್ತಾರೆ, ಮುಖ್ಯ ಶಿಕ್ಷಕಿ ಹೆಂಚಿಗೆ ಕಾಯುತ್ತಾರೆ.

ಅಡುಗೆಯವರ ವಿಷಯ ಇನ್ನೂ ಸೂಕ್ಷ್ಮ. ಶಾಲೆಯಲ್ಲಿ ಅತಿ ಕಡಿಮೆ ಸಂಭಾವನೆ ಪಡೆಯುವವರು ಅವರು, ಅವರಿಗೆ ಎಲ್ಲರೂ ಕೆಲಸ ಹೇಳುತ್ತಾರೆ. ಅಧ್ಯಕ್ಷರಿಗೆ ‘ವಹಿಸಿಕೊಂಡಿದ್ದಾರೆ’ ಎಂದು ಬರೆದು ಅದೇ ಸಂದೇಶದಲ್ಲಿ ಅಡುಗೆಯವರಿಗೆ ‘ಸ್ವಚ್ಛಗೊಳಿಸಬೇಕು’ ಎಂದು ಬರೆದರೆ ಮೇಲುಕೀಳು ಎಲ್ಲರ ಕಣ್ಣಿಗೂ ರಾಚುತ್ತದೆ. ಒಂದೇ ಸಂದೇಶದಲ್ಲಿ ಎಲ್ಲರಿಗೂ ಒಂದೇ ಕ್ರಿಯಾರೂಪ, ಒಂದೇ ಮರ್ಯಾದೆ ಇರಬೇಕೆಂಬುದನ್ನು ನಿಯಮವೆಂದೇ ಹಿಡಿಯಬಹುದು. ಜೊತೆಗೆ ಅವರು ಹೇಳಿದ ತೊಂದರೆ ಕೆಲಸದ ಪಕ್ಕದಲ್ಲೇ ಬರಬೇಕು. ‘ಮೇಲೆ ಹತ್ತಿ ಮುಚ್ಚಳ ತೆಗೆಯಲು ಒಬ್ಬರು ಬೇಕು ಎಂದಿದ್ದರು’ ಎಂಬ ವಾಕ್ಯ ಅವರ ಮಾತು ಕೇಳಿಸಿದೆ ಎಂಬುದಕ್ಕೆ ಗುರುತು. ಅದರ ಮುಂದೆಯೇ ಆ ಒಬ್ಬರು ಯಾರು ಎಂಬುದೂ ಬರಬೇಕು. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಹೆಂಗಸರಿಬ್ಬರು ಟ್ಯಾಂಕಿನ ಕೆಳಗೆ ನಿಂತು ಯಾರಾದರೂ ಬರುತ್ತಾರೇನೋ ಎಂದು ದಾರಿ ನೋಡಬೇಕಾಗುತ್ತದೆ. ಇನ್ನೊಂದು ಸಂಗತಿ: ಅವರಲ್ಲಿ ಕೆಲವರ ಬಳಿ ವಾಟ್ಸ್‌ಆ್ಯಪ್ ಇರುವುದಿಲ್ಲ. ಅಂಥವರಿಗೆ ಸಂದೇಶವನ್ನು ಫೋನಿನಲ್ಲಿ ಓದಿ ಹೇಳುವುದು ಬರೆದಷ್ಟೇ ಮುಖ್ಯ. ತಮ್ಮ ಹೆಸರಿರುವ ಬರಹ ತಮಗೇ ಕಡೆಯಲ್ಲಿ ತಿಳಿಯುವಂತಾಗಬಾರದು.

ಪಂಚಾಯಿತಿ ಸದಸ್ಯರದು ಎಲ್ಲಕ್ಕಿಂತ ಕಷ್ಟ, ಅವರು ಸಭೆಗೇ ಬಂದಿಲ್ಲ. ಬಾರದವರ ತಲೆಗೆ ಕೆಲಸ ಕಟ್ಟುವುದು ಎಲ್ಲ ಸಭೆಗಳಲ್ಲೂ ಕಾಣುವ ಚಾಳಿ. ಆ ಕ್ಷಣಕ್ಕೆ ಅದು ಎಲ್ಲರಿಗೂ ಅನುಕೂಲ, ಬೇಡ ಎನ್ನಲು ಅವರು ಅಲ್ಲಿರುವುದಿಲ್ಲವಲ್ಲ. ಗುಂಪಿನಲ್ಲಿ ಮೊದಲ ಬಾರಿ ಅದನ್ನು ಓದುವ ವ್ಯಕ್ತಿಗೆ ಎಷ್ಟು ನಯವಾದ ಮಾತಿದ್ದರೂ ಅದು ಆಜ್ಞೆಯೇ. ಇಲ್ಲಿ ಮಾತಿನ ಜಾಣತನ ಕೆಲಸಕ್ಕೆ ಬರುವುದಿಲ್ಲ, ಮೊದಲು ಫೋನು ಮಾಡಬೇಕು. ಮುಖ್ಯ ಶಿಕ್ಷಕಿ ಭಾನುವಾರ ಸಂಜೆ ಅವರಿಗೆ ಫೋನು ಮಾಡುತ್ತಾರೆ.

“ಅಣ್ಣಾ, ನಿನ್ನೆ ಸಭೆಯಲ್ಲಿ ಶೌಚಾಲಯದ ಪೈಪಿನ ವಿಷಯ ಬಂತು. ಪಿಡಿಒ ಹತ್ತಿರ ಮಾತಾಡೋಕೆ ನೀವಾದರೆ ಸುಲಭ ಅಂತ ಎಲ್ಲರೂ ಅಂದರು. ನಿಮ್ಮನ್ನ ಕೇಳದೆ ಬರೆಯೋದು ಬೇಡ ಅಂತ ಫೋನು ಮಾಡಿದೆ. ನಿಮಗೆ ಆಗುತ್ತಾ?”

“ನೀರುಗಂಟಿಗೆ ಹೇಳಿದರೆ ಆಗೋದಿಲ್ವಾ ಮೇಡಂ?”

“ಅವರು ಬಂದು ನೋಡಿದಾರೆ. ಪೈಪು ಹೊಸದು ಹಾಕಬೇಕಂತೆ, ಪಂಚಾಯಿತಿಯಿಂದ ಮಂಜೂರಾಗದೆ ಅವರ ಕೈಲಿ ಆಗೋದಿಲ್ಲವಂತೆ.”

“ಹಾಗಾದರೆ ಗುರುವಾರ ಪಿಡಿಒ ಸಿಗ್ತಾರೆ, ಮಾತಾಡ್ತೀನಿ. ಒಂದು ಮನವಿ ಪತ್ರ ಬರೆದು ಕೊಟ್ಟರೆ ಒಳ್ಳೇದು.”

ಈ ನಾಲ್ಕು ಮಾತಿನಲ್ಲಿ ಕೆಲಸದ ರೂಪವೇ ಬದಲಾಗಿದೆ. ‘ನೀರಿನ ವ್ಯವಸ್ಥೆ ಕಲ್ಪಿಸುವುದು’ ಒಬ್ಬ ಸದಸ್ಯರ ಕೈಯಲ್ಲಿರುವ ಕೆಲಸವೇ ಅಲ್ಲ. ಗುರುವಾರ ಪಿಡಿಒ ಜೊತೆ ಮಾತಾಡುವುದು ಅವರ ಕೈಯಲ್ಲಿದೆ. ಪತ್ರ ಬರೆಯುವುದು ಮುಖ್ಯ ಶಿಕ್ಷಕಿಯ ಪಾಲಿಗೆ ಬಂತು. ಒಬ್ಬರಿಂದ ಆಗದ ಫಲವನ್ನು ಅವರ ಹೆಸರಿಗೆ ಬರೆಯುವುದು, ಅವರು ಮಾಡಬಹುದಾದ ಹೆಜ್ಜೆಯನ್ನು ಬರೆಯದೆ ಬಿಡುವುದು ಇಂಥ ಬರಹಗಳಲ್ಲಿ ತೀರಾ ಸಾಮಾನ್ಯ. ಮೊದಲು ಕೇಳಿದರೆ ಈ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ. ಸದಸ್ಯರು ಆಗುವುದಿಲ್ಲ ಎಂದಿದ್ದರೂ ನಷ್ಟವಿರಲಿಲ್ಲ. ಅದು 18ನೇ ತಾರೀಕಿಗೇ ಗೊತ್ತಾಗುವುದು 28ಕ್ಕೆ ಗೊತ್ತಾಗುವುದಕ್ಕಿಂತ ಎಷ್ಟೋ ವಾಸಿ.

ಮೆತ್ತಗಾದರೂ ಕೆಲಸ ಕೆಡುತ್ತದೆ

ಆಜ್ಞೆಯ ಭಯಕ್ಕೆ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ‘ಶಾಲೆ ನಮ್ಮೆಲ್ಲರದು. ಎಲ್ಲರೂ ಕೈಜೋಡಿಸಿದರೆ ಆಗದ್ದು ಯಾವುದೂ ಇಲ್ಲ. ಹೆಂಚು, ನೀರು, ಟ್ಯಾಂಕಿನ ಕಡೆ ಯಾರಾದರೂ ಆದಷ್ಟು ಬೇಗ ಗಮನ ಹರಿಸಿದರೆ ಒಳ್ಳೆಯದಿತ್ತು’ ಎಂಬಂಥ ಸಂದೇಶ ಯಾರನ್ನೂ ನೋಯಿಸುವುದಿಲ್ಲ, ಯಾರನ್ನೂ ಎಬ್ಬಿಸುವುದೂ ಇಲ್ಲ. ‘ಯಾರಾದರೂ’ ಎಂದು ಬರೆದ ಕೆಲಸವನ್ನು ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಬಿಡುತ್ತಾರೆ. ಗ್ರೆಗ್ ಬ್ಯಾರನ್ ಮತ್ತು ಎಲ್ದಾದ್ ಯೆಹಿಯಾಮ್ ಎಂಬ ಸಂಶೋಧಕರು ಇದನ್ನು ಮಿಂಚಂಚೆಯಲ್ಲೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಒಂದು ಸರಳ ಪ್ರಶ್ನೆಯನ್ನು ಕೆಲವರಿಗೆ ಒಬ್ಬೊಬ್ಬರಿಗೇ ಕಳಿಸಿದರು, ಇನ್ನು ಕೆಲವರಿಗೆ ಐದು ಜನರ ಹೆಸರು ಒಟ್ಟಿಗೆ ಕಾಣುವಂತೆ ಕಳಿಸಿದರು. ಒಬ್ಬರಿಗೇ ಎಂದು ಬಂದ ಪತ್ರಕ್ಕೆ ಹೆಚ್ಚು ಉತ್ತರಗಳು ಬಂದವು, ಆ ಉತ್ತರಗಳಲ್ಲಿ ವಿವರವೂ ಹೆಚ್ಚಿತ್ತು. ಹಾಗಾಗಿ ಸೌಜನ್ಯಕ್ಕೆಂದು ಹೆಸರನ್ನು ಬಿಟ್ಟುಬಿಡುವುದು ಸರಿಯಲ್ಲ. ಒಂದು ಕೆಲಸಕ್ಕೆ ಒಂದೇ ಹೆಸರು ಇರಬೇಕು, ಸಹಾಯಕರು ಎಷ್ಟು ಜನವಾದರೂ ಇರಲಿ.

‘ಆದಷ್ಟು ಬೇಗ’ ಎಂಬುದೂ ಇದೇ ಜಾತಿಯದು. ಅದು ಮೃದುವಾಗಿ ಕಂಡರೂ ಓದುವವರಿಗೆ ಒತ್ತಡವನ್ನಷ್ಟೇ ಕೊಡುತ್ತದೆ, ದಿನವನ್ನು ಕೊಡುವುದಿಲ್ಲ. ದಿನ ಗೊತ್ತುಮಾಡಿದರೆ ಕೆಲಸ ಆಗುವ ಸಾಧ್ಯತೆ ಹೆಚ್ಚು ಎಂಬುದಕ್ಕೆ ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟಾಟರ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರಾದದ್ದು. ಕ್ರಿಸ್‌ಮಸ್ ರಜೆಗೆ ಹೊರಟ ವಿದ್ಯಾರ್ಥಿಗಳಿಗೆ, ಹಬ್ಬದ ಮುನ್ನಾದಿನವನ್ನು ಹೇಗೆ ಕಳೆದಿರೆಂದು ಎರಡು ದಿನದೊಳಗೆ ಬರೆದು ಕಳಿಸುವಂತೆ ಅವರು ಕೇಳಿದ್ದರು. ಅರ್ಧ ಜನರಿಗೆ ಮಾತ್ರ ಅದನ್ನು ಯಾವಾಗ, ಎಲ್ಲಿ ಕುಳಿತು ಬರೆಯುತ್ತೀರೆಂದು ಮೊದಲೇ ನಿರ್ಧರಿಸಲು ಹೇಳಿದ್ದರು. ಹಾಗೆ ನಿರ್ಧರಿಸಿದವರಲ್ಲಿ ಮುಕ್ಕಾಲಿನ ಹತ್ತಿರದಷ್ಟು ಜನ ಬರೆದು ಕಳಿಸಿದರು, ಉಳಿದವರಲ್ಲಿ ಮೂರನೇ ಒಂದು ಪಾಲಿನಷ್ಟು ಮಾತ್ರ. ಇಲ್ಲಿ ಗಮನಿಸಬೇಕಾದದ್ದು, ಹೊತ್ತು ಮತ್ತು ಜಾಗವನ್ನು ಗೊತ್ತುಮಾಡಿದವರು ವಿದ್ಯಾರ್ಥಿಗಳೇ. ಸಮಿತಿಯಲ್ಲೂ ದಿನವನ್ನು ಕೆಲಸ ಮಾಡುವವರೇ ಹೇಳಿದರೆ ಒಳ್ಳೆಯದು.

ಆದರೂ ಕೆಲವು ದಿನಗಳನ್ನು ಬರೆಯುವವರೇ ಸೂಚಿಸಬೇಕಾಗುತ್ತದೆ. ಆಗ ದಿನದ ಜೊತೆ ಕಾರಣವಿರಬೇಕು. ‘24ರೊಳಗೆ ಮುಗಿಸಬೇಕು’ ಎಂಬುದು ಗಡುವು. ‘24, ಶನಿವಾರದೊಳಗೆ ಮುಗಿದರೆ ಭಾನುವಾರ ಕೊಠಡಿ ತೊಳೆದು ಬೆಂಚು ಜೋಡಿಸಬಹುದು’ ಎಂಬುದರಲ್ಲಿ ಆ ದಿನವನ್ನು ಕೇಳುತ್ತಿರುವುದು ಕೆಲಸವೇ ಹೊರತು ಬರೆದವರಲ್ಲ. ಕಾರಣ ಗೊತ್ತಿದ್ದವರು ಬದಲಾವಣೆಯನ್ನೂ ಬುದ್ಧಿಯಿಂದ ಮಾಡುತ್ತಾರೆ: ಶನಿವಾರ ಆಗದಿದ್ದರೆ ಭಾನುವಾರ ಮಧ್ಯಾಹ್ನದೊಳಗಾದರೂ ಆಗಬೇಕು, ಸೋಮವಾರಕ್ಕೆ ಹೋಗುವಂತಿಲ್ಲ ಎಂಬುದು ಅವರಿಗೇ ಹೊಳೆಯುತ್ತದೆ.

ತಿದ್ದಿ ಬರೆದ ಸಂದೇಶ

ಇಷ್ಟನ್ನು ಇಟ್ಟುಕೊಂಡು ಅದೇ ಸಭೆಯ ಬಗ್ಗೆ ಭಾನುವಾರ ರಾತ್ರಿ ಬರೆದ ಸಂದೇಶ ಹೀಗಿರಬಹುದು:

“ಎಲ್ಲರಿಗೂ ನಮಸ್ಕಾರ. ನಿನ್ನೆ ಕೆಲಸ ಬಿಟ್ಟು ಸಭೆಗೆ ಬಂದಿದ್ದೀರಿ, ಉಪಕಾರವಾಯಿತು. 29ಕ್ಕೆ ಶಾಲೆ ಶುರು. ಅಷ್ಟರೊಳಗೆ ಎರಡೂ ಕೊಠಡಿ ಸೋರದಂತಾಗಬೇಕು, ಶೌಚಾಲಯಕ್ಕೆ ನೀರು ಬರಬೇಕು, ಅಡುಗೆಗೆ ಟ್ಯಾಂಕು ಸಿದ್ಧವಾಗಬೇಕು ಎಂದು ಮಾತಾಡಿಕೊಂಡಿದ್ದೆವು. ಯಾರ್ಯಾರು ಏನು ವಹಿಸಿಕೊಂಡೆವು ಎಂಬುದನ್ನು ನೆನಪಿಗೆ ಬರೆದಿದ್ದೇನೆ.

“ಹೆಂಚಿನ ದುಡ್ಡಿನ ಕಾಗದಪತ್ರ ನನ್ನದು. 20, ಮಂಗಳವಾರ ಬೆಳಿಗ್ಗೆ ಅಧ್ಯಕ್ಷರೂ ನಾನೂ ಬ್ಯಾಂಕಿಗೆ ಹೋಗುತ್ತೇವೆ. ಕೈಯಾಡಿಸುವವರನ್ನು ಕರೆತರುವುದನ್ನು ಅಧ್ಯಕ್ಷರು ವಹಿಸಿಕೊಂಡಿದ್ದಾರೆ. ಸುಮಾರು 60 ಹೆಂಚು ಬೇಕಾಗಬಹುದು ಎಂದು ಅವರೇ ಹತ್ತಿ ನೋಡಿ ಹೇಳಿದ್ದರು. 24, ಶನಿವಾರದೊಳಗೆ ಮುಗಿದರೆ ಭಾನುವಾರ ಕೊಠಡಿ ತೊಳೆದು ಬೆಂಚು ಜೋಡಿಸಬಹುದು.

“ಶೌಚಾಲಯದ ಪೈಪಿನ ವಿಷಯವನ್ನು ಪಂಚಾಯಿತಿ ಸದಸ್ಯರಿಗೆ ಫೋನಿನಲ್ಲಿ ತಿಳಿಸಿದೆ. 22, ಗುರುವಾರ ಪಿಡಿಒ ಅವರೊಡನೆ ಮಾತಾಡುವುದಾಗಿ ಹೇಳಿದ್ದಾರೆ. ಮನವಿ ಪತ್ರವನ್ನು ಬುಧವಾರ ಸಂಜೆ ಅವರ ಮನೆಗೆ ತಲುಪಿಸುತ್ತೇನೆ.

“ಟ್ಯಾಂಕು ಮತ್ತು ಪಾತ್ರೆಗಳನ್ನು 26, ಸೋಮವಾರ ಬೆಳಿಗ್ಗೆ ತೊಳೆಯುವುದಾಗಿ ಅಡುಗೆಯ ಅಕ್ಕಂದಿರು ಹೇಳಿದ್ದಾರೆ. ಮೇಲೆ ಹತ್ತಿ ಮುಚ್ಚಳ ತೆಗೆಯಲು ಒಬ್ಬರು ಬೇಕು ಎಂದಿದ್ದರು. ಉಪಾಧ್ಯಕ್ಷರು ಏಣಿ ತೆಗೆದುಕೊಂಡು ಒಂಬತ್ತಕ್ಕೆ ಬರುತ್ತಾರೆ. ಬ್ಲೀಚಿಂಗ್ ಪುಡಿ ನಾನು ತಂದಿಟ್ಟಿರುತ್ತೇನೆ.

“ನಾನು ಬರೆದದ್ದರಲ್ಲಿ ತಪ್ಪಿದ್ದರೆ, ಯಾರಿಗಾದರೂ ದಿನ ಹೊಂದದಿದ್ದರೆ ಇಲ್ಲೇ ಹೇಳಿ ಅಥವಾ ನನಗೆ ಫೋನು ಮಾಡಿ, ತಿದ್ದುತ್ತೇನೆ. ಶನಿವಾರ ಸಂಜೆ ಕೆಲಸ ಎಲ್ಲಿಗೆ ಬಂತು ಎಂದು ಇಲ್ಲಿ ಬರೆಯುತ್ತೇನೆ.”

ಬರೆಯುವವರು ತಮ್ಮ ಕೆಲಸವನ್ನು ಮೊದಲು ಇಟ್ಟಿದ್ದಾರೆ, ದಿನಾಂಕದ ಸಮೇತ. ಇತರರ ಮಾತನ್ನು ನೆನಪಿಸುವವರು ತಮ್ಮ ಮಾತಿಗೂ ಅಷ್ಟೇ ಕಟ್ಟುಬಿದ್ದಿದ್ದಾರೆ ಎಂಬುದು ಇದರಿಂದ ಗೊತ್ತಾಗುತ್ತದೆ. ಕೊನೆಯ ಎರಡು ವಾಕ್ಯಗಳೂ ಔಪಚಾರಿಕವಲ್ಲ. ‘ತಪ್ಪಿದ್ದರೆ ಹೇಳಿ’ ಎಂಬುದು ಬಾಗಿಲು ತೆರೆದಿಡುತ್ತದೆ. ದಿನ ಹೊಂದದವರು ಮೂಕವಾಗಿ ತಪ್ಪಿಸಿಕೊಳ್ಳುವ ಬದಲು ಈಗಲೇ ಹೇಳಬಹುದು. ಶನಿವಾರ ಮತ್ತೆ ಬರೆಯುವುದಾಗಿ ಮೊದಲೇ ತಿಳಿಸಿದ್ದರಿಂದ ಆ ದಿನದ ವಿಚಾರಣೆ ಯಾರ ಮೇಲಿನ ಅಪನಂಬಿಕೆಯೂ ಆಗುವುದಿಲ್ಲ. ಮೊದಲ ಸಂದೇಶಕ್ಕಿಂತ ಇದು ಸುಮಾರು ನಾಲ್ಕು ಪಟ್ಟು ಉದ್ದವಿದೆ, ನಿಜ. ಹತ್ತು ಕೆಲಸಗಳಿದ್ದರೆ ಹೀಗೆ ಬರೆಯಲು ಬಾರದು. ಆಗ ಪಟ್ಟಿ ಮಾಡುವುದು ಅನಿವಾರ್ಯ, ಅದರಲ್ಲಿ ತಪ್ಪೂ ಇಲ್ಲ. ಸಾಲಿನ ಮೊದಲಿಗೆ ಕೆಲಸ, ಆಮೇಲೆ ‘ವಹಿಸಿಕೊಂಡವರು’ ಎಂಬ ಮಾತಿನೊಡನೆ ಹೆಸರು, ಅವರೇ ಹೇಳಿದ ದಿನ, ಅವರಿಗೆ ಬೇಕಾದ ನೆರವು ಇಷ್ಟಿದ್ದರೆ ಪಟ್ಟಿಯೂ ಆಜ್ಞೆಯಂತೆ ಕಾಣುವುದಿಲ್ಲ.

ಸಂದೇಶ ಫಲಿಸಿತೇ ಎಂಬುದು ಬರುವ ಉತ್ತರಗಳಿಂದ ತಕ್ಕಮಟ್ಟಿಗೆ ತಿಳಿಯುತ್ತದೆ. ಹೆಬ್ಬೆರಳು, ಕೈಮುಗಿದ ಚಿತ್ರಗಳು ಮಾತ್ರ ಬಂದರೆ ‘ನೋಡಿದೆ’ ಎಂದಷ್ಟೇ ಅರ್ಥ. ‘ಹೆಂಚು ಪೇಟೆಯಿಂದ ತರುವುದೋ, ಹಳೆಯ ಕಟ್ಟಡದಲ್ಲಿ ಉಳಿದದ್ದನ್ನು ನೋಡುವುದೋ?’ ಎಂಬಂಥ ಪ್ರಶ್ನೆ ಬಂದರೆ ಕೆಲಸ ಆಗಲೇ ಅವರ ತಲೆಯಲ್ಲಿ ಶುರುವಾಗಿದೆ. ಯಾವ ಸದ್ದೂ ಇಲ್ಲದವರಿಗೆ ಗುಂಪಿನಲ್ಲಿ ಹೆಸರು ಹಿಡಿದು ಕೇಳುವ ಬದಲು ದಿನಕ್ಕೆ ಮೊದಲು ಒಂದು ಫೋನು ಮಾಡುವುದು ಲೇಸು. ‘ಆಯಿತಾ?’ ಎಂದು ಕೇಳಿದರೆ ಲೆಕ್ಕ ಕೇಳಿದಂತಾಗುತ್ತದೆ. ‘ಶನಿವಾರಕ್ಕೆ ಆಗುವ ಹಾಗಿದೆಯಾ, ಏನಾದರೂ ಅಡ್ಡ ಬಂತಾ?’ ಎಂದರೆ ನಿಂತಿರುವ ಕಾರಣ ಹೊರಗೆ ಬರುತ್ತದೆ. ಶನಿವಾರದ ಸಂದೇಶದಲ್ಲೂ ಆಗದ ಕೆಲಸವನ್ನು ವ್ಯಕ್ತಿಯ ಹೆಸರಿನಲ್ಲಿ ಬರೆಯದೆ ಕೆಲಸದ ಹೆಸರಿನಲ್ಲೇ ಬರೆಯಬಹುದು: ‘ಮೂರನೇ ತರಗತಿಯ ಮಾಡು ಮುಗಿಯಿತು, ಅಧ್ಯಕ್ಷರು ಎರಡು ದಿನವೂ ನಿಂತು ಮಾಡಿಸಿದರು. ಎರಡನೇ ತರಗತಿಗೆ 15 ಹೆಂಚು ಕಡಿಮೆ ಬಿದ್ದಿವೆ, ಸೋಮವಾರ ಬರುತ್ತವೆ.’ ಆದ ಕೆಲಸಕ್ಕೆ ಮಾಡಿದವರ ಹೆಸರು, ಆಗದ್ದಕ್ಕೆ ಕಾರಣ ಮತ್ತು ಮುಂದಿನ ದಿನ. ಪದೇ ಪದೇ ಒಬ್ಬರಿಂದಲೇ ಕೆಲಸ ನಿಲ್ಲುತ್ತಿದ್ದರೆ ಆ ಮಾತು ಗುಂಪಿನಲ್ಲಿ ಬೇಡ, ಅವರೊಬ್ಬರ ಜೊತೆ ಆಡಬೇಕಾದ್ದು.

ನೆನಪಿಸುವ ಧಾಟಿ ಹೊಂದದ ಸಂದರ್ಭಗಳೂ ಇವೆ. ಕೊಠಡಿಯ ಗೋಡೆಯಲ್ಲಿ ವಿದ್ಯುತ್ ತಂತಿ ಹೊರಬಿದ್ದಿದೆ ಎಂದು ಸಭೆಯಲ್ಲಿ ತಿಳಿದರೆ ‘ಬಾಗಿಲು ತೆಗೆಯದಿರಲು ಎಲ್ಲರೂ ಒಪ್ಪಿದ್ದಾರೆ’ ಎಂದು ಬರೆಯುತ್ತ ಕೂರುವಂತಿಲ್ಲ. ‘ಆ ಕೊಠಡಿಯ ಬೀಗ ಯಾರೂ ತೆಗೆಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ’ ಎಂದೇ ಬರೆಯಬೇಕು, ಅದೂ ಸಂದೇಶದ ಮೊದಲ ಸಾಲಿನಲ್ಲಿ. ಕಾಯ್ದೆಯ ಪ್ರಕಾರ ಇಂಥ ದಿನದೊಳಗೆ ಸಲ್ಲಿಸಲೇಬೇಕಾದ ಲೆಕ್ಕಪತ್ರಗಳ ವಿಷಯವೂ ಹಾಗೆಯೇ. ಅಲ್ಲಿ ಆಯ್ಕೆ ಇದೆ ಎಂಬ ಭಾವನೆ ಬರುವಂತೆ ಬರೆದರೆ ಓದುವವರನ್ನು ದಾರಿ ತಪ್ಪಿಸಿದಂತಾಗುತ್ತದೆ. ಅಂಥದನ್ನು ನೇರವಾಗಿ ಹೇಳಿ, ಅದು ಯಾವ ನಿಯಮದಿಂದ ಬಂದದ್ದು ಎಂಬುದನ್ನು ಪಕ್ಕದಲ್ಲೇ ಬರೆದು, ಸಮಿತಿಯವರು ತಾವಾಗಿ ವಹಿಸಿಕೊಂಡ ಕೆಲಸಗಳಿಂದ ಬೇರೆಯಾಗಿ ಇಡಬೇಕು.